ಯಾವ ಟೇಪ್ ಎಲ್ಲಿ ಹಿಡಿಯುತ್ತೆ, ಎಲ್ಲಿ ಕೈ ಕೊಡುತ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅದೇ ಟೇಪ್ ಗಾಜಿನ ಮೇಲೆ ಕಿತ್ರೂ ಬರಲ್ಲ, ಪ್ಲಾಸ್ಟಿಕ್ ಡಬ್ಬಿ ಮೇಲೆ ಮಾತ್ರ ಬೆಳಗಾಗೋಷ್ಟರಲ್ಲಿ ಬಿಟ್ಕೊಂಡಿರುತ್ತೆ. ಟೇಪ್ ಡೂಪ್ಲಿಕೇಟಾ?

ಸಾಮಾನ್ಯವಾಗಿ ಅಲ್ಲ. ಟೇಪಿನ ಗಮ್ ನೋಡೋಕೆ ಗಟ್ಟಿ ಅನ್ಸಿದ್ರೂ ಅದು ಪೂರ್ತಿ ಗಟ್ಟಿ ಅಲ್ಲ, ತುಂಬಾ ಮಂದವಾದ ಜೇನುತುಪ್ಪದ ಥರ ನಿಧಾನಕ್ಕೆ ಹರಿಯೋ ವಸ್ತು. ಒತ್ತಿದಾಗ ಅದು ಕೆಳಗಿನ ಮೇಲ್ಮೈ ಮೇಲೆ ಹರಡ್ಕೊಂಡು ಸಣ್ಣ ಸಣ್ಣ ತಗ್ಗುಗಳ ಒಳಗೆಲ್ಲಾ ಇಳಿದ್ರೆ ಹಿಡಿತ ಬರುತ್ತೆ, ಹರಡದೇ ಮೇಲ್ಮೇಲೆ ಕೂತ್ರೆ ಬರಲ್ಲ. ಗಾಜು, ಸ್ಟೀಲು, ಗ್ಲೇಜ್ ಇರೋ ಟೈಲ್ಸು, ಇವೆಲ್ಲ ಗಮ್ಮನ್ನ ತಮ್ಮ ಮೇಲೆ ಹರಡೋಕೆ ಬಿಡ್ತವೆ. ಪಾಲಿಥಿನ್, ಪಾಲಿಪ್ರೊಪಿಲೀನ್, ಸಿಲಿಕೋನ್, ಟೆಫ್ಲಾನ್ ಬಿಡಲ್ಲ.

ಇದನ್ನ ಪರೀಕ್ಷೆ ಮಾಡೋಕೆ ಒಂದು ಹನಿ ನೀರು ಸಾಕು. ಜಾಗ ಸೋಪ್ ಹಾಕಿ ತೊಳೆದು, ಸೋಪ್ ಪೂರ್ತಿ ಹೋಗೋ ಹಾಗೆ ನೀರಲ್ಲಿ ಜಾಲಾಡಿ ಒಣಗಿಸಿ, ಒಂದು ಹನಿ ಬಿಡಿ. ಹನಿ ಚಪ್ಪಟೆಯಾಗಿ ಹರಡಿದ್ರೆ ಹೆಚ್ಚು ಕಮ್ಮಿ ಯಾವ ಟೇಪ್ ಆದ್ರೂ ಹಿಡಿಯುತ್ತೆ. ಮಣಿ ಥರ ಗುಂಡಗೆ ಎದ್ದು ಕೂತ್ರೆ ಟೇಪ್ ಬದಲಾಯಿಸಿದ್ರೂ ಅಷ್ಟೇನೂ ಪ್ರಯೋಜನ ಆಗಲ್ಲ, ಅಲ್ಲಿ ಸ್ಕ್ರೂನೋ ದಾರಾನೋ ಕ್ಲಿಪ್ಪೋ ಯೋಚ್ನೆ ಮಾಡಿ. ಎಣ್ಣೆ ಜಿಡ್ಡು ಅಥವಾ ವ್ಯಾಕ್ಸ್ ಇದ್ರೆ ಗಾಜಿನ ಮೇಲೂ ಹನಿ ಎದ್ದು ಕೂರುತ್ತೆ, ಅದಕ್ಕೇ ಮೊದ್ಲು ತೊಳೀರಿ ಅಂದಿದ್ದು.

ಗಮ್ ಹರಡೋದನ್ನ ಕಣ್ಣಲ್ಲೇ ನೋಡ್ಬೇಕು ಅಂದ್ರೆ ಕಿಟಕಿ ಗಾಜಿಗೆ ಒಂದು ತುಂಡು ಪಾರದರ್ಶಕ ಸೆಲ್ಲೋ ಟೇಪ್ ಸುಮ್ನೆ ಹಗುರಕ್ಕೆ ಇಟ್ಟು ಇನ್ನೊಂದ್ ಕಡೆಯಿಂದ ನೋಡಿ. ಅಲ್ಲಲ್ಲಿ ಬೆಳ್ಳಗೆ, ಬೆಳ್ಳಿ ಥರ ಮಿನುಗೋ ಮಚ್ಚೆ ಕಾಣ್ತವೆ, ಅದೆಲ್ಲಾ ಗಾಳಿ. ಉಗುರಲ್ಲಿ ಒತ್ತಿ ಉಜ್ಜಿದ್ರೆ ಮಚ್ಚೆ ಮಾಯ ಆಗಿ ಟೇಪ್ ಇದ್ದ ಜಾಗ ಗಾಜಿನಷ್ಟೇ ತಿಳಿಯಾಗುತ್ತೆ. ಮಾಯ ಆದಷ್ಟು ಜಾಗ ಮಾತ್ರ ನಿಜವಾಗ್ಲೂ ಅಂಟಿರೋದು, ಉಳಿದದ್ದು ಬರೀ ಮುಚ್ಕೊಂಡಿರೋದು.

ನನ್ನ ಡಬ್ಬಿ ಯಾವ ಪ್ಲಾಸ್ಟಿಕ್ ಅಂತ ಹೆಂಗೆ ತಿಳ್ಕೊಳ್ಳೋದು?

ತಳ ತಿರುಗಿಸಿ ನೋಡಿ, ಬಾಣಗಳ ತ್ರಿಕೋನದ ಒಳಗೆ ಒಂದು ನಂಬರ್ ಇರುತ್ತೆ. 2 ಮತ್ತೆ 4 ಅಂದ್ರೆ ಪಾಲಿಥಿನ್ ಜಾತಿ, 5 ಅಂದ್ರೆ ಪಾಲಿಪ್ರೊಪಿಲೀನ್. ಈ ಮೂರೂ ಟೇಪಿಗೆ ಆಗಿಬರಲ್ಲ, ದುರದೃಷ್ಟಕ್ಕೆ ಬಕೆಟ್ಟು, ಕ್ರೇಟು, ಡಬ್ಬಿ ಮುಚ್ಚಳ ಬಹುಪಾಲು ಇವೇ. 1 ಅಂದ್ರೆ ನೀರಿನ ಬಾಟಲಿ ಜಾತಿ, 3 ಅಂದ್ರೆ ಪಿವಿಸಿ, ಇವೆರಡೂ ಪರವಾಗಿಲ್ಲ. ಆದ್ರೆ ಮೆತ್ತಗಿರೋ ಪಿವಿಸಿ, ಅಂದ್ರೆ ಬಗ್ಗೋ ಪೈಪು, ರೆಕ್ಸಿನ್ ಥರದ್ದು, ಅದ್ರೊಳಗಿನ ಎಣ್ಣೆಯಂಥ ಪದಾರ್ಥ ನಿಧಾನಕ್ಕೆ ಹೊರಗೆ ಬಂದು ಗಮ್ಮನ್ನ ಕರಗಿಸುತ್ತೆ, ಇವತ್ತು ಹಿಡಿದಿದ್ದು ಕೆಲವು ತಿಂಗಳಾದ್ಮೇಲೆ ಜಾರೋಕೆ ಶುರು ಆಗುತ್ತೆ. ನಂಬರ್ ಇಲ್ದೇ ಇದ್ರೆ ಉಗುರಲ್ಲಿ ಗೀಚಿ, ಮುಟ್ಟಿದ್ರೆ ಸ್ವಲ್ಪ ಮೇಣದ ಹಾಗೆ ನುಣುಪು ಅನ್ಸಿದ್ರೆ ಪಾಲಿಥಿನ್ ಅಂತಾನೇ ಅಂದ್ಕೊಳ್ಳಿ.

ಗಮ್ಮಲ್ಲೂ ಬೇರೆ ಬೇರೆ ಇರ್ತವಾ?

ಇರ್ತವೆ, ನಮ್ಮ ಕೆಲ್ಸಕ್ಕೆ ಮುಖ್ಯವಾಗಿ ಎರಡು. ರಬ್ಬರ್ ಗಮ್ ಮುಟ್ಟಿದ ತಕ್ಷಣ ಹಿಡಿಯುತ್ತೆ, ಪಾಲಿಥಿನ್ ಥರದ ಹಠಮಾರಿ ಪ್ಲಾಸ್ಟಿಕ್ ಮೇಲೂ ಒಂದಷ್ಟು ನಿಲ್ಲುತ್ತೆ, ಆದ್ರೆ ಬಿಸಿಲು, ಶಾಖ, ವಯಸ್ಸು ಮೂರಕ್ಕೂ ಸೋಲುತ್ತೆ. ಹಳದಿಯಾಗುತ್ತೆ, ಮೊದ್ಲು ಅಂಟಂಟು ಆಗಿ ಆಮೇಲೆ ಒಣಗಿ ಪುಡಿ ಆಗುತ್ತೆ. ಆಕ್ರಿಲಿಕ್ ಗಮ್ ಇದ್ರ ಉಲ್ಟಾ, ಹಾಕಿದ ಕೂಡ್ಲೇ ಅಷ್ಟೇನೂ ಹಿಡಿದಿಲ್ಲ ಅನ್ಸುತ್ತೆ, ದಿನ ಕಳೆದ ಹಾಗೆ ಗಟ್ಟಿಯಾಗ್ತಾ ಹೋಗುತ್ತೆ, ಬಿಸಿಲಲ್ಲಿ ವರ್ಷಗಟ್ಲೆ ಇರುತ್ತೆ. ಡಕ್ಟ್ ಟೇಪು, ಇನ್ಸುಲೇಷನ್ ಟೇಪು, ಮಾಮೂಲಿ ಮಾಸ್ಕಿಂಗ್ ಟೇಪು ಬಹುತೇಕ ರಬ್ಬರು. ಈಗಿನ ಪಾರದರ್ಶಕ ಸೆಲ್ಲೋ ಟೇಪು, ಒಳ್ಳೆ ಫೋಮ್ ಟೇಪು ಆಕ್ರಿಲಿಕ್. ಟೆಫ್ಲಾನ್, ಸಿಲಿಕೋನ್ ಮೇಲೆ ನಿಲ್ಲೋದು ಅಂದ್ರೆ ಸಿಲಿಕೋನ್ ಗಮ್ ಇರೋ ಟೇಪ್ ಮಾತ್ರ, ಈ ಐದರಲ್ಲಿ ಯಾವ್ದೂ ಆ ಜಾತಿ ಅಲ್ಲ. ಸಿಲಿಕೋನ್ ಮೊಬೈಲ್ ಕವರಿಗೆ ಡಬಲ್ ಸೈಡ್ ಟೇಪ್ ಯಾಕೆ ಹಿಡಿಯಲ್ಲ ಅಂತ ಕೇಳೋರಿಗೆ ಉತ್ತರ ಇದೇ.

ಮಾಸ್ಕಿಂಗ್ ಟೇಪ್ ಹಾಕಿ ಪೇಂಟ್ ಮಾಡಿದ್ರೂ ಅಂಚಲ್ಲಿ ಬಣ್ಣ ಒಳಗೆ ನುಗ್ಗುತ್ತಲ್ಲ?

ಮಾಸ್ಕಿಂಗ್ ಟೇಪಿನ ಬೆನ್ನು ಸುಕ್ಕು ಸುಕ್ಕಾಗಿರೋ ಕ್ರೇಪ್ ಪೇಪರ್. ಆ ಸುಕ್ಕಿಂದಾನೇ ಅದು ಸ್ವಲ್ಪ ಹಿಗ್ಗುತ್ತೆ, ತಿರುವಲ್ಲಿ ಬಗ್ಗಿಸಿ ಅಂಟಿಸ್ಬೋದು, ಕೈಯಲ್ಲೇ ಹರೀಬೋದು. 1925ರಲ್ಲಿ 3ಎಂ ಕಂಪನಿಯ ರಿಚರ್ಡ್ ಡ್ರೂ ಇದನ್ನ ಮಾಡಿದ್ದೇ ಎರಡು ಬಣ್ಣದ ಕಾರ್ ಪೇಂಟ್ ಮಾಡೋರ ಕಷ್ಟ ನೋಡಿ, ಬೇಕಾದಾಗ ಅಂಟಿ, ಬೇಡ ಅಂದಾಗ ಬಣ್ಣ ಕೀಳ್ದೇ ಬರ್ಬೇಕು ಅನ್ನೋದು ಮೊದಲಿಂದಲೂ ಇದ್ರ ಕೆಲ್ಸ. ಹಾಗಾಗಿ ಹಿಡಿತ ಕಮ್ಮಿ ಅಂತ ಬೈಯೋದ್ರಲ್ಲಿ ಅರ್ಥ ಇಲ್ಲ.

ಬಣ್ಣ ನುಗ್ಗೋದು ಹೆಚ್ಚಾಗಿ ಗೋಡೆ ತರಿತರಿಯಾಗಿರೋದ್ರಿಂದ, ಟೇಪ್ ಉಬ್ಬುಗಳ ಮೇಲಷ್ಟೇ ಕೂತು ಮಧ್ಯೆ ಸಣ್ಣ ಸಂದಿ ಬಿಟ್ಟಿರುತ್ತೆ. ಅಂಚನ್ನ ಮಾತ್ರ ಉಗುರಲ್ಲೋ ಹಳೇ ಪ್ಲಾಸ್ಟಿಕ್ ಕಾರ್ಡಲ್ಲೋ ಚೆನ್ನಾಗಿ ಉಜ್ಜಿ. ಅದಕ್ಕೂ ಕೇಳ್ಲಿಲ್ಲ ಅಂದ್ರೆ ಮೊದ್ಲು ಟೇಪಿನ ಅಂಚಿಗೆ ಒಳಗಿನ ಹಳೇ ಬಣ್ಣವನ್ನೇ ತೆಳ್ಳಗೆ ಒಂದು ಕೈ ಹೊಡೀರಿ, ನುಗ್ಗೋದಿದ್ರೆ ಅದೇ ನುಗ್ಗಿ ಸಂದಿ ಮುಚ್ಚುತ್ತೆ, ಒಣಗಿದ್ಮೇಲೆ ಹೊಸ ಬಣ್ಣ ಹಾಕಿ, ಗೆರೆ ನೀಟಾಗಿ ಬರುತ್ತೆ.

ಕೀಳೋದು ಕೊನೇ ಕೋಟ್ ಇನ್ನೂ ಪೂರ್ತಿ ಒಣಗದೇ ಇದ್ದಾಗ, ಟೇಪನ್ನ ಅದ್ರ ಮೇಲೇ ಹಿಂದಕ್ಕೆ ಮಡಚಿ ನಿಧಾನಕ್ಕೆ. ಬಣ್ಣ ಗಟ್ಟಿಯಾಗೋಗಿದ್ರೆ ಮೊದ್ಲು ಬ್ಲೇಡಲ್ಲಿ ಅಂಚು ಕೊಯ್ದು ಆಮೇಲೆ ಕೀಳಿ, ಇಲ್ದಿದ್ರೆ ಹೊಸ ಬಣ್ಣದ ಪದರಾನೂ ಟೇಪ್ ಜೊತೆ ಎದ್ದು ಬರುತ್ತೆ. ಮಾಮೂಲಿ ಮಾಸ್ಕಿಂಗ್ ಟೇಪನ್ನ ಬಿಸಿಲು ಬೀಳೋ ಕಿಟಕಿ ಚೌಕಟ್ಟಲ್ಲಿ ದಿನಗಟ್ಲೆ ಬಿಡೋಕೆ ಹೋಗ್ಬೇಡಿ, ಪೇಪರ್ ಚೂರು ಚೂರಾಗಿ ಹರಿದು ಗಮ್ ಅಲ್ಲೇ ಉಳ್ಕೊಳ್ಳುತ್ತೆ. ಜಾಸ್ತಿ ದಿನ ಬೇಕು ಅಂದ್ರೆ ನೀಲಿ ಬಣ್ಣದ ಪೇಂಟರ್ಸ್ ಟೇಪ್ ತಗೊಳ್ಳಿ. ಒದ್ದೆ ಜಾಗಕ್ಕೆ ಎರಡೂ ಬೇಡ, ಪೇಪರ್ ಪೇಪರೇ.

ಹರಿದ ಪುಸ್ತಕದ ಹಾಳೆಗೆ ಸೆಲ್ಲೋ ಟೇಪ್ ಹಾಕ್ಬೋದಾ?

ವರ್ಷ ಮುಗಿದ್ಮೇಲೆ ರದ್ದಿಗೆ ಹೋಗೋ ನೋಟ್ ಬುಕ್ ಆದ್ರೆ ಹಾಕಿ. ಇಟ್ಕೋಬೇಕಾದ ಪುಸ್ತಕ, ಫೋಟೋ, ಸರ್ಟಿಫಿಕೇಟ್ ಆದ್ರೆ ದಯವಿಟ್ಟು ಬೇಡ. ಹಳೇ ಪುಸ್ತಕಗಳಲ್ಲಿ ಟೇಪ್ ಉದುರಿ ಹೋಗಿ ಕಂದು ಪಟ್ಟಿ ಮಾತ್ರ ಉಳಿದಿರೋದು ನೋಡಿರ್ತೀರಿ, ಅದು ರಬ್ಬರ್ ಗಮ್ ಕಾಗದದ ನಾರಿನೊಳಗೆ ಇಳಿದು ಗಾಳಿಗೆ ಸುಟ್ಟಿರೋ ಗುರುತು, ತೆಗೆಯೋಕೆ ತುಂಬಾ ಕಷ್ಟ. ಆಕ್ರಿಲಿಕ್ ಗಮ್ ಅಷ್ಟು ಹಳದಿಯಾಗಲ್ಲ, ಆದ್ರೆ ಒಳಗೆ ಇಳಿಯೋದು ಅದೂ ಇಳಿಯುತ್ತೆ. ಪುಸ್ತಕ ರಿಪೇರಿ ಮಾಡೋರು ತೆಳ್ಳನೆ ಜಪಾನೀಸ್ ಪೇಪರಿಗೆ ಗೋಧಿ ಪಿಷ್ಟದ ಅಂಟು ಹಚ್ಚಿ ಹಾಕ್ತಾರೆ, ಬೇಕು ಅಂದಾಗ ನೀರಲ್ಲಿ ನೆನೆಸಿ ಬಿಡಿಸ್ಬೋದು.

ಪಾರ್ಸೆಲ್ ಬಾಕ್ಸಿಗೆ ಸೆಲ್ಲೋ ಟೇಪ್ ಹಾಕಿದ್ರೆ ಬಾಯಿ ಬಿಟ್ಕೊಳ್ಳುತ್ತೆ, ಯಾಕೆ?

ಸೆಲ್ಲೋ ಟೇಪಿನ ಪ್ಲಾಸ್ಟಿಕ್ ಹಾಳೆ ಉದ್ದಕ್ಕೆ ಎಳೆದ್ರೆ ಸುಲಭಕ್ಕೆ ಹರಿಯಲ್ಲ, ಆದ್ರೆ ಅಂಚಲ್ಲಿ ಒಂಚೂರು ಕಚ್ಚು ಬಿದ್ರೆ ಸರ್ರಂತ ಸೀಳ್ಕೊಂಡು ಹೋಗುತ್ತೆ. ಬಾಕ್ಸ್ ಬಾಯಿ ಬಿಡೋದಕ್ಕೆ ಕಾರಣ ಅದಲ್ಲ, ಧೂಳು. ಮರುಬಳಕೆ ರಟ್ಟಿನ ಮೇಲೆ ಸಡಿಲ ನಾರು, ಪುಡಿ ಇರುತ್ತೆ, ಕಿತ್ತ ಟೇಪ್ ತಿರುಗಿಸಿ ನೋಡಿದ್ರೆ ಗಮ್ ತುಂಬಾ ಕಂದು ಹೊಟ್ಟು ಕಾಣುತ್ತೆ. ಇನ್ನೊಂದು, ತುಂಬಿ ತುರುಕಿದ ಬಾಕ್ಸಲ್ಲಿ ಮುಚ್ಚಳ ಯಾವಾಗ್ಲೂ ಮೇಲಕ್ಕೆ ತಳ್ತಿರುತ್ತೆ, ಬಿಡುವಿಲ್ದೇ ಬೀಳೋ ಎಳೆತಕ್ಕೆ ಗಮ್ ನಿಧಾನಕ್ಕೆ ಹರಿದು ಸೋಲುತ್ತೆ. ಎರಡೂ ತುದಿ ಬಾಕ್ಸಿನ ಪಕ್ಕಕ್ಕೆ ಒಂದು ಅಂಗೈ ಅಗಲ ಇಳಿಬಿಟ್ಟು ಜೋರಾಗಿ ಉಜ್ಜಿ.

ಡಬಲ್ ಸೈಡ್ ಟೇಪಲ್ಲಿ ಗೋಡೆಗೆ ಎಕ್ಸ್‌ಟೆನ್ಷನ್ ಬೋರ್ಡ್ ಅಂಟಿಸ್ಬೇಕು, ನಿಲ್ಲುತ್ತಾ?

ಎಲ್ಲಕ್ಕಿಂತ ಹೆಚ್ಚು ಬರೋ ಪ್ರಶ್ನೆ ಇದು, ಉತ್ತರಾನೂ ಉದ್ದ.

ಮೊದ್ಲು ಯಾವ ಡಬಲ್ ಸೈಡ್ ಅಂತ ನೋಡಿ. ತೆಳ್ಳಗೆ ಬಿಳಿ ಟಿಶ್ಯೂ ಥರ ಇರೋದು ಕಾಗದ, ಕಾರ್ಡ್, ಫೋಟೋ ಅಂಟಿಸೋಕೆ, ಗೋಡೆ ಕೆಲ್ಸಕ್ಕಲ್ಲ. ಗೋಡೆ ಎಷ್ಟೇ ನುಣುಪು ಅನ್ಸಿದ್ರೂ ಏರು ತಗ್ಗು ಇರುತ್ತೆ, ತೆಳ್ಳನೆ ಟೇಪಿಗೆ ಅದನ್ನ ತುಂಬೋಷ್ಟು ದಪ್ಪ ಇಲ್ಲ. ಫೋಮ್ ಟೇಪ್ ಬೇಕು. ಅದ್ರಲ್ಲೂ ಸ್ಪಂಜ್ ಥರ ಬೆಳ್ಳಗೆ ಹಗುರವಾಗಿ ಇರೋದಲ್ಲ, ಅದ್ರಲ್ಲಿ ಗಮ್ ಹಿಡಿದೇ ಇರುತ್ತೆ, ಸ್ಪಂಜೇ ಮಧ್ಯದಲ್ಲಿ ಸೀಳ್ಕೊಳ್ಳುತ್ತೆ. ಪೂರ್ತಿ ಆಕ್ರಿಲಿಕ್ಕಿಂದ ಮಾಡಿರೋ, ಹಿಚುಕಿದ್ರೆ ಗಟ್ಟಿ ರಬ್ಬರ್ ಅನ್ಸೋ ಫೋಮ್ ಟೇಪ್ ತಗೊಳ್ಳಿ.

ಆಮೇಲೆ ಗೋಡೆ. ಅಂಗೈಯಲ್ಲೋ ಕಪ್ಪು ಬಟ್ಟೆಯಲ್ಲೋ ಉಜ್ಜಿ ನೋಡಿ, ಬೆಳ್ಳಗೆ ಪುಡಿ ಬಂದ್ರೆ ಸುಣ್ಣವೋ ಡಿಸ್ಟೆಂಪರೋ ಇದೆ ಅಂತ, ಅಲ್ಲಿಗೆ ಟೇಪ್ ವಿಚಾರ ಮುಗೀತು. ಪುಡಿ ಬರ್ಲಿಲ್ಲ ಅಂದ್ರೆ ಒಂದು ಮೂಲೆಯಲ್ಲಿ ಸೆಲ್ಲೋ ಟೇಪ್ ಗಟ್ಟಿಯಾಗಿ ಒತ್ತಿ ಪಟ್ಟಂತ ಕೀಳಿ. ಟೇಪಿಗೆ ಪೇಂಟ್ ಚಕ್ಕೆ ಹತ್ಕೊಂಡು ಬಂದ್ರೆ ಬೋರ್ಡ್ ಬಿದ್ದಾಗ ಗೋಡೆ ಪೇಂಟನ್ನೂ ಜೊತೆಗೆ ಕರ್ಕೊಂಡು ಬೀಳುತ್ತೆ. ಟೇಪ್ ಎಷ್ಟೇ ಒಳ್ಳೇದಿದ್ರೂ ಅದು ಹಿಡಿದಿರೋದು ಪೇಂಟನ್ನ, ಪೇಂಟ್ ಗೋಡೆಯನ್ನ ಎಷ್ಟು ಹಿಡಿದಿದೆಯೋ ಅಷ್ಟೇ ನಿಮ್ಮ ಬಲ. ಹೊಸ ಪೇಂಟ್ ಆಗಿದ್ರೆ ಕೈಗೆ ಒಣಗಿದ ಹಾಗೆ ಅನ್ಸಿದ್ರೂ ಒಳಗೆ ಗಟ್ಟಿಯಾಗೋಕೆ ವಾರಗಳು ಬೇಕು, ಕಾಯಿರಿ.

ಗೋಡೆ ಪಾಸಾಯ್ತು ಅಂತಿಟ್ಕೊಳ್ಳಿ, ಈಗ ಲೆಕ್ಕ. ಆಕ್ರಿಲಿಕ್ ಫೋಮ್ ಟೇಪಿಗೆ ಸದಾ ನೇತಾಡೋ ಭಾರ ಇದ್ರೆ ಒಂದು ಕೆಜಿಗೆ ಸುಮಾರು 60 ಚದರ ಸೆಂಟಿಮೀಟರ್ ಟೇಪ್ ಅನ್ನೋದು ಚಾಲ್ತಿಯಲ್ಲಿರೋ ಅಂದಾಜು. ಬೋರ್ಡು, ನೇತಾಡೋ ವೈರು, ಚುಚ್ಚಿರೋ ಚಾರ್ಜರ್‌ಗಳು ಎಲ್ಲಾ ಸೇರಿ 400 ಗ್ರಾಂ ಅಂದ್ರೆ 24 ಚದರ ಸೆಂಟಿಮೀಟರ್ ಬೇಕು. ಟೇಪ್ ಅಗಲ 2.4 ಸೆಂಟಿಮೀಟರ್ ಇದ್ರೆ 10 ಸೆಂಟಿಮೀಟರ್ ಉದ್ದ ಸಾಕಾಯ್ತು. ಇಷ್ಟೇನಾ ಅನ್ಸುತ್ತೆ, ಆದ್ರೆ ಆ ಲೆಕ್ಕ ಬರೀ ಕೆಳಕ್ಕೆ ಎಳೆಯೋ ಭಾರಕ್ಕೆ. ಬೋರ್ಡನ್ನ ಬೀಳಿಸೋದು ಭಾರ ಅಲ್ಲ, ನೀವು ಪ್ಲಗ್ ಕೀಳೋದು. ಪ್ಲಗ್ ಎಳೆದಾಗ ಬೋರ್ಡಿನ ಒಂದು ತುದಿ ಗೋಡೆಯಿಂದ ಏಳೋಕೆ ನೋಡುತ್ತೆ, ಆಗ ಇಡೀ ಟೇಪ್ ಒಟ್ಟಿಗೆ ಹೋರಾಡಲ್ಲ, ಎದ್ದ ಅಂಚಿನ ಒಂದು ಸಣ್ಣ ಗೆರೆ ಮಾತ್ರ ಎಲ್ಲಾ ಬಲ ತಗೊಳ್ಳುತ್ತೆ. ಅದು ಸೋತ್ರೆ ಅದ್ರ ಪಕ್ಕದ ಗೆರೆ, ಹೀಗೇ ಸಿಪ್ಪೆ ಸುಲಿದ ಹಾಗೆ ಎದ್ದು ಬರುತ್ತೆ. ಎಲ್ಲಾ ಟೇಪೂ ಜಾರಿಸೋ ಬಲಕ್ಕೆ ಗಟ್ಟಿ, ಸುಲಿಯೋ ಬಲಕ್ಕೆ ಪುಕ್ಕಲು.

ಅದಕ್ಕೇ 10ರ ಬದ್ಲು 15 ಸೆಂಟಿಮೀಟರಿನ ಎರಡು ಪಟ್ಟಿ ಹಾಕಿ, ಬೋರ್ಡಿನ ತುದಿ ಅಂಚುಗಳವರೆಗೂ ಬರೋ ಹಾಗೆ. ಬೋರ್ಡಿನ ಬೆನ್ನು ನೋಡ್ಕೊಳ್ಳಿ, ಅಲ್ಲಿ ಸ್ಕ್ರೂ ಗುಂಡಿ, ಉಬ್ಬು ಅಕ್ಷರ, ಏರು ಪಟ್ಟಿ ಇದ್ರೆ ಟೇಪ್ ನಿಜವಾಗಿ ತಾಗೋ ಜಾಗ ಅರ್ಧಾನೂ ಇರಲ್ಲ. ಬೋರ್ಡಿನ ಪ್ಲಗ್ ಗೋಡೆಯಿಂದ ತೆಗೆದು, ಬೆನ್ನನ್ನೂ ಗೋಡೆಯನ್ನೂ ಅರ್ಧ ಐಸೊಪ್ರೊಪೈಲ್ ಆಲ್ಕೋಹಾಲ್ ಅರ್ಧ ನೀರು ಸೇರಿಸಿ ಹಗುರಕ್ಕೆ ಒರೆಸಿ ಒಣಗಿಸಿ. ಟೇಪನ್ನ ಮೊದ್ಲು ಬೋರ್ಡಿಗೆ ಹಾಕಿ ಒತ್ತಿ, ಆಮೇಲೆ ಸಿಪ್ಪೆ ತೆಗೆದು ಗೋಡೆಗೆ ಇಟ್ಟು ಅರ್ಧ ನಿಮಿಷ ಮೈಭಾರ ಹಾಕಿ ಒತ್ತಿ ಹಿಡೀರಿ. ಸರಿಯಾಗಿ ಕೂರ್ಲಿಲ್ಲ ಅಂತ ಕಿತ್ತು ಮತ್ತೆ ಅಂಟಿಸೋದು ಬೇಡ, ಹೊಸ ತುಂಡು ಹಾಕಿ. ವೈರು, ಚಾರ್ಜರ್ ಏನೂ ಹಾಕ್ದೇ ಒಂದು ದಿನ ಬಿಡಿ. ಮಾಮೂಲಿ ಕೋಣೆ ಬಿಸಿಯಲ್ಲಿ 20 ನಿಮಿಷಕ್ಕೆ ಅರ್ಧ ಬಲ, 24 ಗಂಟೆಗೆ ಮುಕ್ಕಾಲಿಗಿಂತ ಹೆಚ್ಚು, ಪೂರ್ತಿ ಆಗೋಕೆ 72 ಗಂಟೆ. ಅಂಟಿಸಿದ ಐದೇ ನಿಮಿಷಕ್ಕೆ ಎಳೆದು ನೋಡಿ ಟೇಪ್ ವೇಸ್ಟು ಅನ್ನೋರು ಬಹಳ ಜನ.

ಇಷ್ಟೆಲ್ಲಾ ಮಾಡಿದ್ಮೇಲೂ ಪ್ಲಗ್ ಕೀಳುವಾಗ ಇನ್ನೊಂದು ಕೈಯಲ್ಲಿ ಬೋರ್ಡ್ ಒತ್ತಿ ಹಿಡೀಬೇಕು. ದಿನಕ್ಕೆ ಹತ್ತು ಸಲ ಪ್ಲಗ್ ಹಾಕಿ ತೆಗೆಯೋ ಬೋರ್ಡ್ ಆದ್ರೆ ನನ್ನ ಪ್ರಕಾರ ಟೇಪ್ ಬೇಡವೇ ಬೇಡ, ಬಹಳಷ್ಟು ಬೋರ್ಡ್‌ಗಳ ಬೆನ್ನಲ್ಲೇ ಸ್ಕ್ರೂಗೆ ತಗುಲಿ ಹಾಕೋ ತೂತು ಇರುತ್ತೆ, ಅದನ್ನೇ ಬಳಸಿ. ಅಂಚು ಕೂದಲೆಳೆಯಷ್ಟು ಎದ್ದಿದ್ಯಾ ಅಂತ ಆಗಾಗ ಒಂದು ಕಾಗದ ತೂರಿಸಿ ನೋಡಿ, ಕಾಗದ ಒಳಗೆ ಹೋಯ್ತು ಅಂದ್ರೆ ಸುಲಿಯೋದು ಶುರು ಆಗಿದೆ.

ಡಕ್ಟ್ ಟೇಪ್ ಎಲ್ಲದಕ್ಕೂ ಆಗುತ್ತೆ ಅಂತಾರೆ, ನಿಜಾನಾ?

ಅರ್ಧ ನಿಜ. ಮೇಲೆ ಪಾಲಿಥಿನ್ ಹಾಳೆ, ಮಧ್ಯೆ ಬಟ್ಟೆಯ ಜಾಲರಿ, ಕೆಳಗೆ ದಪ್ಪ ರಬ್ಬರ್ ಗಮ್. ಈ ದಪ್ಪ ಗಮ್ ಇರೋದ್ರಿಂದ ಬೇರೆ ನಾಲ್ಕೂ ಕೈ ಚೆಲ್ಲೋ ಒರಟು ಜಾಗದಲ್ಲಿ, ಅಂದ್ರೆ ಧೂಳು ಕೊಡವಿದ ಸಿಮೆಂಟು, ಒರಟು ಮರ, ಕ್ಯಾನ್ವಾಸ್ ಇಂಥವುಗಳ ಮೇಲೆ ಇದು ನಿಲ್ಲುತ್ತೆ, ಟಾರ್ಪಾಲ್ ತೂತಿಗೆ ತಾತ್ಕಾಲಿಕವಾಗಿ ಇದಕ್ಕಿಂತ ಒಳ್ಳೇದು ಈ ಐದರಲ್ಲಿ ಇಲ್ಲ. ಟಾರ್ಪಾಲಿಗೆ ಹಾಕುವಾಗ ಎರಡೂ ಕಡೆ ಹಾಕಿ, ಮೂಲೆಗಳನ್ನ ಕತ್ತರಿಯಲ್ಲಿ ಗುಂಡಗೆ ಮಾಡಿ, ಚೂಪು ಮೂಲೆಯಿಂದಲೇ ಏಳೋಕೆ ಶುರು ಆಗೋದು.

ತಮಾಷೆ ಅಂದ್ರೆ ಹೆಸರಲ್ಲೇ ಇರೋ ಡಕ್ಟ್ ಕೆಲ್ಸಕ್ಕೇ ಇದು ಆಗಲ್ಲ. 1998ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಮ್ಯಾಕ್ಸ್ ಶೆರ್ಮನ್ ಮತ್ತೆ ಇಯಾನ್ ವಾಕರ್ ಬಿಸಿ ಗಾಳಿ ಹೋಗೋ ಡಕ್ಟ್ ಜಾಯಿಂಟಿಗೆ ಬೇರೆ ಬೇರೆ ಟೇಪು, ಅಂಟು ಹಾಕಿ ಪರೀಕ್ಷೆ ಮಾಡಿದ್ರು, ಸೋತಿದ್ದು ಬಟ್ಟೆ ಜಾಲರಿ ರಬ್ಬರ್ ಗಮ್ಮಿನ ಡಕ್ಟ್ ಟೇಪೇ. ಬಿಸಿ ಬಿದ್ದಾಗ ಗಮ್ ಒಣಗುತ್ತೆ, ಹಾಳೆ ಕುಗ್ಗುತ್ತೆ. ಬಿಸಿ ಡಕ್ಟಿಗೆ ಅಲ್ಯೂಮಿನಿಯಂ ಫಾಯಿಲ್ ಟೇಪ್ ಹಾಕಿ. ನೀರು ಸೋರ್ತಿರೋ ಪೈಪಿಗೂ ಡಕ್ಟ್ ಟೇಪ್ ಸುತ್ತಿ ಪ್ರಯೋಜನ ಇಲ್ಲ, ಗಮ್ಮಿಗೂ ಪೈಪಿಗೂ ಮಧ್ಯೆ ನೀರಿನ ಪದರ ಇರೋವರೆಗೆ ಹರಡೋಕೆ ಜಾಗಾನೇ ಸಿಗಲ್ಲ.

ಇನ್ಸುಲೇಷನ್ ಟೇಪ್ ಸುತ್ತಿದ್ರೆ ತುದಿ ಬಾಲದ ಹಾಗೆ ಎದ್ದೇಳುತ್ತೆ, ಏನ್ಮಾಡ್ಲಿ?

ಕೊನೇ ಸುತ್ತನ್ನ ಎಳೆದು ಸುತ್ತಿರ್ತೀರಿ. ಈ ಟೇಪ್ ಮೆತ್ತನೆ ಪಿವಿಸಿ, ಹಿಗ್ಗಿಸಿದ್ರೆ ವಾಪಸ್ ಕುಗ್ಗೋಕೆ ನೋಡುತ್ತೆ, ಆ ಕುಗ್ಗೋ ಬಲವೇ ತುದಿಯನ್ನ ಎಬ್ಬಿಸೋದು. ಇದ್ರ ಹಿಡಿತ ಹೆಚ್ಚಾಗಿ ತನ್ನದೇ ಬೆನ್ನಿನ ಮೇಲೆ, ವೈರಿನ ಮೇಲಲ್ಲ, ಅದಕ್ಕೇ ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಅಗಲವನ್ನ ಮುಚ್ಚೋ ಹಾಗೆ ಸ್ವಲ್ಪ ಹಿಗ್ಗಿಸಿ ಸುತ್ತಿ, ಕೊನೇ ಒಂದು ಸುತ್ತು ಮಾತ್ರ ಒಂಚೂರೂ ಎಳೀದೇ ಮಲಗಿಸಿ, ಕತ್ತರಿಯಲ್ಲಿ ಕತ್ತರಿಸಿ. ಕೈಯಲ್ಲಿ ಎಳೆದು ಹರಿದ್ರೆ ತುದಿ ಹಿಗ್ಗಿಹೋಗಿ ಮತ್ತೆ ಅದೇ ಕಥೆ.

ಚಪ್ಪಟೆ ಜಾಗಕ್ಕೆ, ಗೋಡೆಗೆ, ರಟ್ಟಿಗೆ ಇದನ್ನ ಹಾಕ್ಬೇಡಿ, ಸುತ್ತೋಕೆ ಮಾತ್ರ ಇದು. ಬಿಸಿಯಾಗೋ ಜಾಗದಲ್ಲಿ ರೋಲಿನ ಮೇಲೆ ಬರೆದಿರೋ ಮಿತಿ ನೋಡಿ, ಸಾಮಾನ್ಯವಾಗಿ 80 ಡಿಗ್ರಿ ಸೆಲ್ಸಿಯಸ್, ಅದಕ್ಕೂ ಮೊದ್ಲೇ ಅಗ್ಗದ್ದು ಜಿಗುಟಾಗಿ ಜಾರುತ್ತೆ. ಜಾಯಿಂಟನ್ನ ಟೇಪ್ ಹಿಡಿದಿಡಲ್ಲ, ವೈರನ್ನ ಮೊದ್ಲು ಕನೆಕ್ಟರಲ್ಲಿ ಗಟ್ಟಿ ಮಾಡಿ, ಮೇನ್ ಆಫ್ ಮಾಡಿಯೇ.

ಇನ್ಸುಲೇಷನ್ ಟೇಪ್ ಇಲ್ಲ ಅಂತ ವೈರಿಗೆ ಸೆಲ್ಲೋ ಟೇಪೋ ಮಾಸ್ಕಿಂಗ್ ಟೇಪೋ ಸುತ್ಬೋದಾ?

ಬೇಡ. ಮಾಸ್ಕಿಂಗ್ ಪೇಪರ್, ತೇವ ಹೀರುತ್ತೆ, ಬೆಂಕಿ ಹತ್ತುತ್ತೆ. ಸೆಲ್ಲೋ ಟೇಪ್ ಹಿಗ್ಗಲ್ಲ, ವೈರಿನ ಸುತ್ತ ಮಡಿಕೆ ಬಿದ್ದು ಸಂದಿ ಉಳಿಯುತ್ತೆ. ಡಕ್ಟ್ ಟೇಪೂ ಬೇಡ.

ಕಿತ್ತ ಮೇಲೆ ಉಳಿಯೋ ಗಮ್ ಹೆಂಗೆ ತೆಗೆಯೋದು?

ಮೊದ್ಲು ಅದೇ ಟೇಪಿನ ಹೊಸ ತುಂಡನ್ನ ಗಮ್ ಮೇಲೆ ಒತ್ತಿ ಪಟ್ ಪಟ್ ಅಂತ ಕೀಳಿ, ಹೊಸ ಗಮ್ಮಿನ ಜೊತೆ ಹಳೇದು ಎದ್ದು ಬರುತ್ತೆ. ಉಳಿದಿದ್ದು ರಬ್ಬರ್ ಗಮ್ ಆದ್ರೆ ಅಡುಗೆ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿ ಸೋಪಲ್ಲಿ ತೊಳೀರಿ, ಬಣ್ಣ ಹಚ್ಚದ ಮರ, ಕಾಗದಕ್ಕೆ ಮಾತ್ರ ಎಣ್ಣೆ ಕಲೆ ಆಗುತ್ತೆ. ಆಕ್ರಿಲಿಕ್ ಗಮ್ ಎಣ್ಣೆಗೆ ಅಷ್ಟು ಬಗ್ಗಲ್ಲ, ಹೇರ್ ಡ್ರೈಯರಲ್ಲಿ ಬೆಚ್ಚಗೆ ಮಾಡಿ ಬೆರಳಲ್ಲಿ ಉರುಳಿಸಿ ತೆಗೀರಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಅಸಿಟೋನ್ ಗಾಜಿಗೆ ಸರಿ, ಪ್ಲಾಸ್ಟಿಕ್ ಬೋರ್ಡಿಗೆ ಬೇಡ, ಮೇಲ್ಮೈನೇ ಕರಗಿ ಮಬ್ಬಾಗುತ್ತೆ.

ಗೋಡೆಗೆ ಅಂಟಿಸಿದ ಫೋಮ್ ಟೇಪನ್ನ ಸೀದಾ ಎಳೀಬೇಡಿ, ಪ್ಲಾಸ್ಟರ್ ಸಮೇತ ಬರುತ್ತೆ. ಬೆಚ್ಚಗೆ ಮಾಡಿ, ಬೋರ್ಡಿಗೂ ಗೋಡೆಗೂ ಮಧ್ಯೆ ಮೀನು ಗಾಳದ ದಾರ ತೂರಿಸಿ ಗರಗಸದ ಥರ ಆಚೆ ಈಚೆ ಎಳೆದು ಫೋಮನ್ನ ಮಧ್ಯದಲ್ಲಿ ಕೊಯ್ಯಿರಿ, ಬೋರ್ಡ್ ಕೈಗೆ ಬಂದ್ಮೇಲೆ ಗೋಡೆಯಲ್ಲಿ ಉಳಿದ ಪಟ್ಟಿಯ ಒಂದು ತುದಿ ಹಿಡ್ಕೊಂಡು ಗೋಡೆಗೆ ಒರಗಿದ ಹಾಗೆ ನಿಧಾನಕ್ಕೆ ಉದ್ದಕ್ಕೆ ಎಳೀತಾ ಬನ್ನಿ.